ದೇವಸ್ಥಾನದ ಉದ್ದ 145 ಮಿ.ಮೀ.

ಮೊನ್ನೆ ಬೆಳಿಗ್ಗೆ ತುಳಸಿಗೆ ನೀರು ಹಾಕ್ತಾ ಇದ್ದೆ. ಕಾಂಪೌಂಡಿನ ಆಚೆಯಿಂದ ಪಕ್ಕದ್ಮನೆ ರಾಯರು ಮೊಬೈಲು ಚಾಚಿ, "ಕನ್ನಡಕಕ್ಕೂ ದೇವಸ್ಥಾನಕ್ಕೂ ಏನು ಸಂಬಂಧ, ಸ್ವಲ್ಪ ಹೇಳಿ ಸ್ವಾಮಿ" ಅಂದರು. ನೋಡಿದರೆ ಯಾವುದೋ ಫ್ರೇಮಿನ ವಿವರ. ಗಾಜಿನ ಅಗಲ 54, ಸೇತುವೆ 20, ದೇವಸ್ಥಾನದ ಉದ್ದ 145! ಇಂಗ್ಲಿಷಿನಲ್ಲಿ ಕಣತಲೆಗೂ 'ಟೆಂಪಲ್', ಅದರ ಪಕ್ಕ ಹಾದು ಕಿವಿಗೆ ಹೋಗೋ ಕಡ್ಡಿಗೂ 'ಟೆಂಪಲ್'. ಕನ್ನಡಕ್ಕೆ ತಿರುಗಿಸಿದ ಪುಣ್ಯಾತ್ಮರು ಅದಕ್ಕೊಂದು ಗೋಪುರ ಕಟ್ಟಿಬಿಟ್ಟಿದ್ದಾರೆ. ಸದ್ಯ, ಪ್ರದಕ್ಷಿಣೆ ಹಾಕಿ ಅನ್ನಲಿಲ್ಲವಲ್ಲ!

"ನಿಮ್ಮ ಈಗಿನ ಕನ್ನಡಕ ತೆಗೆದು ಕಡ್ಡಿಯ ಒಳಬದಿ ನೋಡಿ" ಅಂದೆ. ರಾಯರದು ಮೈನಸ್ ಐದು. ಅಂಥವರಿಗೆ ಅದೊಂದು ಸುಖ, ಗೇಣು ದೂರದ ಅಕ್ಷರಕ್ಕೆ ಕನ್ನಡಕವೇ ಬೇಡ. ಮೂಗಿನ ಹತ್ತಿರ ಹಿಡಿದು ಓದಿದರು: 50, ಆಮೇಲೊಂದು ಪುಟ್ಟ ಚೌಕ, 18, 140. "ಚೌಕ ಯಾಕ್ರೀ? ಪ್ರಿಂಟು ತಪ್ಪಿದ್ದಾ?" ತಪ್ಪಲ್ಲ. ಗಾಜು ಗುಂಡಗಿರಲಿ, ಮೊಟ್ಟೆಯ ಹಾಗಿರಲಿ, ಸುತ್ತ ಒಂದು ಡಬ್ಬಿ ಗೆರೆ ಎಳೆದು ಅದರ ಅಗಲ ಅಳೆದಿದ್ದೇವೆ ಅಂತ ಆ ಚೌಕದ ಅರ್ಥ. ಇಷ್ಟು ವರ್ಷ ಕಿವಿಯ ಪಕ್ಕದಲ್ಲೇ ಜಾತಕ ಇಟ್ಕೊಂಡು ಓಡಾಡಿದಾರೆ, ಗೊತ್ತೇ ಇಲ್ಲ, ನೋಡಿ.

"ನಾಲ್ಕು ಮಿಲಿಮೀಟರು ಹೆಚ್ಚಾದರೆ ಏನು ಮಹಾ?" ಅಂದರು. ಅಲ್ಲೇ ಇರೋದು ಮಜಾ. ಗಾಜಿನ ಅಗಲಕ್ಕೆ ಸೇತುವೆ ಕೂಡಿಸಿದರೆ ಫ್ರೇಮಿನ ಎರಡು ನಡುಬಿಂದುಗಳ ಅಂತರ. ಹಳೇದು 68, ಹೊಸದು 74. ರಾಯರ ಎರಡು ಕಣ್ಣುಪಾಪೆಗಳ ನಡುವೆ ಇರೋದು 62, ಚೀಟಿಯಲ್ಲೇ ಬರೆದಿತ್ತು. ಅಂದರೆ ಹಳೇ ಫ್ರೇಮಿನಲ್ಲಿ ಗಾಜಿನ ಪವರಿನ ನಡುವನ್ನ ಮೂಗಿನ ಕಡೆಗೆ ಒಂದೊಂದು ಕಣ್ಣಿಗೆ 3 ಮಿಲಿಮೀಟರು ಸರಿಸಿದರೆ ಸಾಕಿತ್ತು, ಹೊಸದರಲ್ಲಿ 6 ಸರಿಸಬೇಕು. ಮೈನಸ್ ಗಾಜು ನಡುವೆ ತೆಳು, ಅಂಚಿಗೆ ಹೋದಷ್ಟೂ ದಪ್ಪ. ನಡು ಒಳಕ್ಕೆ ಸರಿದರೆ ಕಿವಿ ಕಡೆಯ ಅಂಚು ಇನ್ನೂ ದಪ್ಪ. ಆಮೇಲೆ 'ಸೋಡಾಬುಡ್ಡಿ' ಅಂತ ಮೊಮ್ಮಗ ನಕ್ಕರೆ ಅವನ ತಪ್ಪಲ್ಲ, ಅಲ್ವಾ?

ಸೇತುವೆಯದು ಬೇರೇನೇ ಕಥೆ. ಮೂಗಿಗಿಂತ ಅಗಲವಾದರೆ ಕನ್ನಡಕ ಜಾರುತ್ತೆ. ನಮ್ಮಜ್ಜನದೂ ಹೀಗೇ ಜಾರ್ತಿತ್ತು. ಮೂಗಿನ ಮೇಲಿನ ಕಮಾನಿಗೆ ಅಜ್ಜಿಯ ಬತ್ತಿಯ ನೂಲನ್ನ ಒತ್ತೊತ್ತಾಗಿ ಸುತ್ತಿದ್ದರು. ನಶ್ಯ ಏರಿಸಿ ಏರಿಸಿ ಆ ನೂಲು ಕಾಫಿ ಬಣ್ಣಕ್ಕೆ ತಿರುಗಿತ್ತು. ಕನ್ನಡಕ ತಂದುಕೊಡು ಅಂದರೆ ದಾರಿಯಲ್ಲೇ ನಮಗೆ ಸೀನು. ಅವತ್ತು ಗೊತ್ತಿರಲಿಲ್ಲ, ಅಜ್ಜ ಮಾಡಿದ್ದು ಸೇತುವೆ ಕಿರಿದು ಮಾಡೋ ಕೆಲಸ!

ರಾಯರು ಆರಿಸಿದ್ದು ಅಸಿಟೇಟ್ ಫ್ರೇಮು. ಕಡ್ಡಿ ಉದ್ದವಾದರೆ ಅಂಗಡಿಯವರು ಬಿಸಿಗಾಳಿ ತಾಗಿಸಿ, ಕಿವಿಯ ಹಿಂದಿನ ಬಾಗನ್ನ ಮುಂದಕ್ಕೆ ತರ್ತಾರೆ. 145 ಅಂದರೆ ಬಾಗಿದ ಭಾಗವೂ ಸೇರಿ, ತುದಿಯವರೆಗಿನ ಅಳತೆ. ಹಾಗಾಗಿ ಅದಕ್ಕೆ ಉಪಾಯ ಉಂಟು. ಸೇತುವೆ ಮಾತ್ರ ಎರಕ ಹೊಯ್ದ ಹಾಗೆ, 20 ಅಂದರೆ 20. ಲೋಹದ್ದಾದರೆ ಮೂಗಿಗೆ ಒರಗೋ ಎರಡು ಪುಟ್ಟ ಪ್ಯಾಡುಗಳನ್ನ ಒಳಕ್ಕೆ ಬಗ್ಗಿಸಿ ಸರಿತೂಗಿಸಬಹುದು. ಇನ್ನು ಟಿಆರ್-90 ಅನ್ನೋ ನೈಲಾನ್ ಜಾತಿಯದು ಹಗುರ, ಬಗ್ಗಿಸಿದರೆ ಮುರಿಯಲ್ಲ. ಆದರೆ ಬಾಗು ಬದಲಿಸೋಣ ಅಂದರೆ ತಿರುಗಿ ಹಳೇ ಆಕಾರಕ್ಕೇ ಬರುತ್ತೆ, ನಮ್ಮನೆ ಬೆಕ್ಕಿನ ಬಾಲದ ಹಾಗೆ.

ಕೊನೇ ಸಾಲಲ್ಲಿ 'ಪವರ್ ಗಾಜು ಹಾಕಬಹುದು: ಹೌದು' ಅಂತಿತ್ತು. ರಾಯರು ಅದನ್ನೇ ನೆಚ್ಚಿದ್ದರು. ಹೌದು ಅಂದರೆ ಗಾಜು ಬಿಚ್ಚಿ ಬೇರೆ ಕೂರಿಸಲು ಅಂಚಿನಲ್ಲಿ ತೋಡು ಇದೆ ಅಂತ, ಅಷ್ಟೇ. ಯಾರ ಪವರ್ರು, ಎಷ್ಟು ದಪ್ಪ ಅನ್ನೋದನ್ನ ಆ 'ಹೌದು' ಕೇಳಿಲ್ಲ. ಮುಖ ಸುತ್ತಿ ಬಾಗಿದ ತಂಪು ಕನ್ನಡಕಕ್ಕೆ ಮೈನಸ್ ಐದು ಕೂರಿಸೋಕೆ ಹೋದರೆ ಬದಿಯ ನೋಟ ಸೊಟ್ಟಗಾಗುತ್ತೆ.

ಅಷ್ಟರಲ್ಲಿ ಒಳಗಿಂದ "ಕಾಫಿ ಆರಿಹೋಯ್ತು" ಅಂತ ಕೂಗು. ರಾಯರು ಹೊರಟವರು ತಿರುಗಿ, "ಹಂಗಾದ್ರೆ 50, 18, 140ಕ್ಕೇ ಹುಡುಕ್ತೀನಿ, ಪ್ಯಾಡಿರೋ ಲೋಹದ್ದೇ ಆಗಲಿ" ಅಂದರು.

ನೀವೂ ಒಮ್ಮೆ ಹಳೇ ಕಡ್ಡಿ ತಿರುಗಿಸಿ ನೋಡಿ. ಗಾಜಿನ ಎತ್ತರ ಮಾತ್ರ ಸಾಮಾನ್ಯವಾಗಿ ಅಲ್ಲಿ ಬರೆದಿರಲ್ಲ. ದೂರ, ಹತ್ತಿರ ಎರಡೂ ಒಂದೇ ಗಾಜಿನಲ್ಲಿ ಬೇಕು ಅನ್ನೋ ಪ್ರೋಗ್ರೆಸಿವ್‌ನವರು ಅದಕ್ಕೊಂದು ಸ್ಕೇಲು ಹಿಡೀರಿ. 28–30 ಮಿಲಿಮೀಟರು ಇದ್ದರೆ ನಿರಾಳ.