ಜಿನನಾಥಪುರದ ಕ್ಷಮಾಪಣ ಪತ್ರ: ಪಾಠ, ಪಾಠಾಂತರ ಮತ್ತು ಒಂದು ಹೂವಿನ ಎಸಳು

ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಅಚ್ಚು ಹಾಕಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ 1923ರಲ್ಲಿ ಪರಿಷ್ಕರಿಸಿದಾಗ 500. ಇಬ್ಬರೂ ಹಿರಿಯ ವಿದ್ವಾಂಸರು, ಬೆಟ್ಟ ಹತ್ತಿ ಇಳಿದವರು. ಆದರೂ ಚಿಕ್ಕಬೆಟ್ಟದ ಉತ್ತರಕ್ಕಿರುವ ಜಿನನಾಥಪುರದ ಒಂದು ಮನೆಯಲ್ಲಿ, ಗೂಡಿನ ಪಂಚಾಂಗದ ನಡುವೆ ಇರುವ ಈ ಪತ್ರ ಅವರ ಕಣ್ಣಿಗೆ ಬೀಳಲಿಲ್ಲ. ಅವರ ಕಾಲದಲ್ಲಿ ಅದನ್ನು ಇನ್ನೂ ಬರೆದಿರಲಿಲ್ಲ ಎಂಬುದು ಸಮಾಧಾನವೇ ಹೊರತು ಸಮರ್ಥನೆಯಲ್ಲ.

ಸ್ಥಳದ ಮಹತ್ವವನ್ನು ಮೊದಲು ಹೇಳಿಬಿಡುವುದು ಸಂಪ್ರದಾಯ. ಜಿನನಾಥಪುರವನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಅಲ್ಲಿನ ಶಾಂತಿನಾಥ ಬಸದಿಯನ್ನು ಸುಮಾರು 1200ರಲ್ಲಿ ಕಟ್ಟಿಸಿದವನು ರೇಚಣ. ಬಸದಿಯ ಹೊರಗೋಡೆಯ ತುಂಬ ಶಿಲ್ಪ. ಕೆಲಸ ಎಷ್ಟು ಕುಸುರಿಯೆಂದರೆ ಬೆಳಗೊಳದ ಸರಳ ಬಸದಿಗಳನ್ನು ನೋಡಿ ಬಂದವರಿಗೆ ಇದು ಬೇರೆ ಊರಿನದೇ ಇರಬೇಕು ಅನ್ನಿಸುತ್ತದೆ. ಇಂಥ ಊರಲ್ಲಿ ಹುಟ್ಟಿದ ಪತ್ರವನ್ನು ಬರಿಯ ಪತ್ರ ಎಂದು ಕರೆಯಲು ಪ್ರಸ್ತುತ ಲೇಖಕನಿಗೆ ಧೈರ್ಯವಿಲ್ಲ.

ಇನ್ನು ಪಾಠ. ಆಧಾರ: ಅರವತ್ತು ಪುಟದ ನೋಟ್‌ಬುಕ್ಕಿನಿಂದ ಹರಿದ ಹಾಳೆ, ಒಂದೇ ಬದಿ. ಲಿಪಿ: ಮೊಬೈಲಿನಲ್ಲಿ ಬರೆದು ಬರೆದು ಪೆನ್ನು ಹಿಡಿಯುವುದೇ ಮರೆತವನ ಕನ್ನಡ. ಭಾಷೆ: ಮೊದಲೆರಡು ಸಾಲು ಏಳನೇ ಕ್ಲಾಸಿನ ಪತ್ರಲೇಖನ, ಉಳಿದದ್ದು ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡು.

‘ತೀರ್ಥರೂಪ ಸಮಾನರಾದ ತಾತನವರಿಗೆ, ನಿಮ್ಮ ಮೊಮ್ಮಗನ ಗೆಳೆಯನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಈ ಕಡೆ ಎಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಪತ್ರ ಬರೆಯುತ್ತಿರಿ. ಮೊನ್ನೆ ನಾಮಕರಣದ ಊಟದ ಹೊತ್ತಲ್ಲಿ ನನ್ನ ಬಾಯಿಂದ ಬಂದ ಮಾತಿಂದ ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ. ಪೀಸು ಅಂದ್ರೆ ನಮ್ಮ ಹುಡುಗರಲ್ಲಿ ಒಳ್ಳೇ ಅರ್ಥ, ಅಪರೂಪದ ಮನುಷ್ಯ ಅಂತ. ಬೇಕಾದರೆ ನಿಮ್ಮ ಮೊಮ್ಮಗನನ್ನೇ ಕೇಳಿ, ಅವನೂ ದಿನಾ ಅಂತಾನೆ. ಇನ್ನೊಂದು ಸಲ ಅಂದರೆ ನನ್ನ ನಾಲಗೆ ಬಿದ್ದುಹೋಗಲಿ. ಒಬ್ಬಟ್ಟು ಬಹಳ ಚೆನ್ನಾಗಿತ್ತು. ಇತಿ ತಮ್ಮ ಆಜ್ಞಾಧಾರಕ.’

‘ಬಹಳ ಚೆನ್ನಾಗಿ’ ಎಂಬಲ್ಲಿ ಹಾಳೆಯನ್ನು ಬೆಳಕಿಗೆ ಹಿಡಿದರೆ ಅಡಿಯಲ್ಲಿ ‘ಸಖತ್ತಾಗಿ’ ಎಂದು ಬರೆದು ಹೊಡೆದುಹಾಕಿರುವುದು ಕಾಣುತ್ತದೆ. ಕರ್ತೃವಿಗೆ ತನ್ನ ಕಾಯಿಲೆ ಗೊತ್ತಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಂದರ್ಭವನ್ನು ಊಟಕ್ಕೆ ಕೂತಿದ್ದ ಹಲವರಿಂದ ಕೇಳಿ ಹೊಂದಿಸಬೇಕಾಯಿತು. ಒಬ್ಬಟ್ಟಿನ ಸಂಖ್ಯೆಯ ಹೊರತು ಎಲ್ಲರ ಹೇಳಿಕೆಯೂ ಒಂದೇ. ಪಂಕ್ತಿಯ ಮೊದಲ ಎಲೆಯಲ್ಲಿ ತಾತ, ಎದುರು ಸಾಲಿನಲ್ಲಿ ಮೊಮ್ಮಗ, ಪಕ್ಕದಲ್ಲಿ ಬೆಂಗಳೂರಿನಿಂದ ಬಂದಿದ್ದ ನಮ್ಮ ಕರ್ತೃ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಹುಳಿ ಬಡಿಸಿಯಾಗಿತ್ತು. ತಾತ 1981ರ ಮಹಾಮಸ್ತಕಾಭಿಷೇಕದ ಕಥೆ ಎತ್ತಿಕೊಂಡರು. ಬಾಹುಬಲಿಗೆ ಸಾವಿರ ವರ್ಷ ತುಂಬಿದ ಅಭಿಷೇಕ ಅದು. ಪ್ರಧಾನಿ ಇಂದಿರಾ ಗಾಂಧಿ ಬಂದು ಹೆಲಿಕಾಪ್ಟರಿನಿಂದ ಹೂವು ಸುರಿದದ್ದು, ತಾವು ಕೆಳಗೆ ಜನದ ನಡುವೆ ನಿಂತಿದ್ದದ್ದು, ಒಂದು ಎಸಳು ಹಾರಿ ಬಂದು ತಮ್ಮ ಶಾಲಿನ ಮೇಲೆಯೇ ಕೂತದ್ದು. ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದವು. ಆಗ ನಮ್ಮ ಹುಡುಗ ಪಕ್ಕದ ಗೆಳೆಯನಿಗೆ, ಪಿಸುಮಾತು ಎಂದುಕೊಂಡು ಪಂಕ್ತಿಗೆಲ್ಲ ಕೇಳುವಂತೆ ಹೇಳಿದ್ದು ಹೀಗೆ: ‘ನಿಮ್ ತಾತ ಏನ್ ಓಳು ಬಿಡ್ತಾರೆ ಮಗಾ! ಸಖತ್ ಪೀಸು!’

ತಾತ ಬೈಯಲಿಲ್ಲ. ‘ನೀವು ಊಟ ಮಾಡಿ, ಸಂಕೋಚ ಮಾಡ್ಕೋಬೇಡಿ’ ಅಂದರು. ಎಲೆಯ ಮೇಲಿನ ಒಬ್ಬಟ್ಟನ್ನು ಹಾಗೇ ಬಿಟ್ಟು, ಎಲೆ ಮಡಿಸಿ ಎದ್ದರು. ಅಪರಿಚಿತ ಓದುಗರಿಗೆ ಇದು ಔದಾರ್ಯದಂತೆ ಕಾಣಬಹುದು. ಆದರೆ ಬೆಳಿಗ್ಗೆಯಿಂದ ‘ಬಾರಪ್ಪ, ಕೂತ್ಕೊಳೋ’ ಎನ್ನುತ್ತಿದ್ದ ಹಿರಿಯರು ಮಧ್ಯಾಹ್ನ ‘ನೀವು’ ಅಂದರೆ ಮನೆಯ ಬಾಗಿಲು ಅರ್ಧ ಮುಚ್ಚಿತು ಎಂದೇ ಲೆಕ್ಕ. ನಮ್ಮಲ್ಲಿ ಸಿಟ್ಟು ಬಹುವಚನದಲ್ಲಿ ಬರುತ್ತದೆ. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕನ್ನಡದ ವಚನವನ್ನು ಕುರಿತು ಸಾಕಷ್ಟು ಹೇಳಿದ್ದಾನೆ. ಈ ಉಪಯೋಗಕ್ಕೆ ಉದಾಹರಣೆ ಕೊಡಲು ಅವನನ್ನು ಯಾರೂ ನಾಮಕರಣಕ್ಕೆ ಕರೆದಿರಲಿಲ್ಲವೇನೋ.

ಈಗ ವಿಮರ್ಶೆ. ಸಂಬೋಧನೆಯಲ್ಲಿ ಕರ್ತೃ ಗೆದ್ದಿದ್ದಾನೆ. ತೀರ್ಥರೂಪರು ಅಂದರೆ ಸ್ವಂತ ತಂದೆ, ಹಿರಿಯರು. ಗೆಳೆಯನ ತಾತನಿಗೆ ‘ಸಮಾನರಾದ’ ಸೇರಿಸಬೇಕು ಎಂಬ ಸೂಕ್ಷ್ಮ ಅವನಿಗೆ ಎಲ್ಲಿಂದಲೋ ನೆನಪಾಗಿದೆ. ಆದರೆ ಹಳೆಯ ಪತ್ರದ ಚೌಕಟ್ಟು ಎರವಲು ತಂದವನು ಅದರ ಸಾಮಾನನ್ನೂ ಹೊತ್ತು ತರಬೇಕಾಗುತ್ತದೆ: ಮುನಿಸಿಕೊಂಡ ಹಿರಿಯರಿಗೆ ‘ಆಗಾಗ್ಗೆ ಪತ್ರ ಬರೆಯುತ್ತಿರಿ’ ಎಂದು ತಾನೇ ಅಪ್ಪಣೆ ಕೊಟ್ಟಿದ್ದಾನೆ.

‘ನಾಲಗೆ ಬಿದ್ದುಹೋಗಲಿ’ ಎಂಬ ಸಾಲಿನಲ್ಲಿ ಶಾಸನಸಾಹಿತ್ಯದ ನೆರಳಿದೆ. ದಾನಶಾಸನಗಳ ಕೊನೆಯಲ್ಲಿ ಧರ್ಮಕ್ಕೆ ತಪ್ಪಿದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಬರಲಿ ಎಂಬ ಶಾಪಾಶಯ ಇರುತ್ತದಲ್ಲ, ಅದೇ ಜಾತಿ. ವ್ಯತ್ಯಾಸ ಇಷ್ಟೆ: ರಾಜರು ಶಾಪವನ್ನು ಮುಂದೆ ಬರುವವರಿಗೆ ಇಟ್ಟರು, ಈತ ತನಗೇ ಇಟ್ಟುಕೊಂಡ. ‘ಸಖತ್ತಾಗಿ’ಯನ್ನು ಎರಡು ಸಾಲಿನೊಳಗೇ ಹೊಡೆದುಹಾಕಬೇಕಾಗಿ ಬಂದದ್ದನ್ನು ನೋಡಿದರೆ ನಾಲಗೆ ಉಳಿದದ್ದೇ ಹೆಚ್ಚು.

ದೋಷದ ಬೇರು ‘ಬೇಜಾರಾಗಿದ್ದರೆ’ ಎಂಬಲ್ಲಿದೆ. ಎಲೆ ಮಡಿಸಿ ಎದ್ದದ್ದನ್ನು ಪಂಕ್ತಿಯೆಲ್ಲ ಕಂಡಿದೆ, ಕರ್ತೃವೂ ಕಂಡಿದ್ದಾನೆ. ಆಮೇಲೆ ‘ಇದ್ದರೆ’ ಅನ್ನುವುದು ಬೇಜಾರನ್ನು ರುಜುವಾತು ಮಾಡುವ ಭಾರವನ್ನು ತಾತನ ತಲೆಗೇ ಹೊರಿಸಿದಂತೆ. ‘ಬಾಯಿಂದ ಬಂದ ಮಾತು’ ಎಂಬುದೂ ಅದೇ ದಾರಿ: ಮಾತು ತಾನಾಗಿ ಬಂತು, ಈತ ಬರಿ ಬಾಯಿ ಒದಗಿಸಿದ. ‘ತಪ್ಪಾಯ್ತು’ ಎಂಬ ಮಾತಿನಲ್ಲೂ ಮಾಡಿದವನು ಕಾಣುವುದಿಲ್ಲ, ನಿಜ. ಆದರೆ ಅದನ್ನು ಎದುರು ನಿಂತು, ತಲೆ ತಗ್ಗಿಸಿ ಹೇಳುತ್ತಾರೆ. ಮಾಡಿದವನು ಕಣ್ಣೆದುರೇ ಇರುತ್ತಾನೆ. ಕಾಗದದಲ್ಲಿ ತಲೆ ತಗ್ಗಿದ್ದು ಕಾಣುವುದಿಲ್ಲವಾದ್ದರಿಂದ ‘ನಾನು ಅಂದೆ’ ಎಂದು ಬರೆಯಲೇಬೇಕು.

ಗೆಳೆಯನ ಸಾಕ್ಷ್ಯದ ವಿಷಯ ಲಘುವಾಗಿ ಮುಟ್ಟುತ್ತೇನೆ. ‘ಅವನೂ ದಿನಾ ಅಂತಾನೆ’ ಎಂಬ ಒಂದು ವಾಕ್ಯದಿಂದ ಮೊಮ್ಮಗನಿಗೆ ಮನೆಯಲ್ಲಿ ಎರಡು ದಿನ ಕಾಫಿ ತಾನೇ ಮಾಡಿಕೊಳ್ಳಬೇಕಾಗಿ ಬಂತಂತೆ.

ತಾತನ ಉತ್ತರ ಪೋಸ್ಟ್‌ಕಾರ್ಡಿನಲ್ಲಿ ಬಂತು. ಪೂರ್ಣಪಾಠ: ‘ಪತ್ರ ತಲುಪಿತು. ಪೀಸಿನ ವಿಚಾರ ತಿಳಿಯಿತು. ಹೆಲಿಕಾಪ್ಟರು ಬಂದಿತ್ತು.’

ಮೂರನೇ ವಾಕ್ಯವೇ ಈ ಪ್ರಬಂಧಕ್ಕೆ ಮೂಲ. ಅಲ್ಲಿಯವರೆಗೆ ಕರ್ತೃವೂ ಗೆಳೆಯನೂ ಮನೆಯ ಹೆಂಗಸರೂ ‘ಪೀಸು’ ತಾಕಿತು ಎಂದೇ ತಿಳಿದಿದ್ದರು. ಪತ್ರದ ವ್ಯಾಖ್ಯಾನವೆಲ್ಲ ಅದಕ್ಕೇ ಖರ್ಚಾಗಿದೆ. ತಾತನಿಗೆ ಆ ಮಾತು ಲೆಕ್ಕಕ್ಕೇ ಇರಲಿಲ್ಲ. ತಾಕಿದ್ದು ‘ಓಳು’. ಹುಡುಗರ ಬಾಯಲ್ಲಿ ಓಳು ಬಿಡುವುದು ಒಂದು ಕಲೆ. ಚೆನ್ನಾಗಿ ಬಿಟ್ಟವನಿಗೆ ಚಪ್ಪಾಳೆ. ಆದರೆ ಸತ್ಯವನ್ನು ವ್ರತವೆಂದು ಎಣಿಸುವ, ಆಡುವ ಮಾತಿನ ಎಚ್ಚರಕ್ಕೆ ಭಾಷಾಸಮಿತಿ ಎಂದು ಹೆಸರೇ ಇಟ್ಟುಕೊಂಡ ಸಂಪ್ರದಾಯದ ಮನೆಯಲ್ಲಿ, ಮೊಮ್ಮಕ್ಕಳ ಎದುರಿಗೆ, ಎಂಬತ್ತರ ಹತ್ತಿರದ ಮನುಷ್ಯನಿಗೆ ಅದು ‘ಸುಳ್ಳುಗಾರ’ ಎಂದೇ ಕೇಳಿಸಿತು. ಹುಡುಗ ಬೇರೆ ಗಾಯಕ್ಕೆ ಮುಲಾಮು ಹಚ್ಚಿದ್ದ.

ಇಲ್ಲಿ ಗೆಳೆಯ ಒಂದು ಒಳದಾರಿ ಸೂಚಿಸಿದ. ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ ಬರುತ್ತದೆ, ಅವತ್ತು ಎಲ್ಲರೂ ಎಲ್ಲರನ್ನೂ ಕ್ಷಮೆ ಕೇಳುತ್ತಾರೆ, ‘ಗುಂಪಲ್ಲಿ ನೀನೂ ಕೇಳಿಬಿಡು ಮಗಾ, ಲೆಕ್ಕಕ್ಕೆ ಸಿಗಲ್ಲ’ ಅಂದ. ಉಪಾಯ ಚೆನ್ನಾಗಿದೆ, ಶಾಸ್ತ್ರ ತಪ್ಪಿದೆ. ಅಂದು ಕೇಳುವುದು ತಿಳಿದೂ ತಿಳಿಯದೆಯೂ ಆದ ವರ್ಷದ ತಪ್ಪುಗಳಿಗೆ. ಇಂಥ ದಿನ, ಇಂಥ ಪಂಕ್ತಿಯಲ್ಲಿ, ಇಂಥವರಿಗೆ ಅಂದದ್ದು ಎಂದು ಗೊತ್ತಿರುವ ತಪ್ಪನ್ನು ಆ ರಾಶಿಯೊಳಗೆ ತುರುಕಿದರೆ ತಾತ ಕೈಮುಗಿದು ‘ಆಯ್ತು, ನೀವೂ ಕ್ಷಮಿಸಿ’ ಅನ್ನುತ್ತಾರೆ. ಬಹುವಚನ ಹಾಗೇ ಉಳಿಯುತ್ತದೆ.

ಆದ್ದರಿಂದ ಎರಡನೇ ಪತ್ರ ಬೇಕಾಯಿತು, ಅದರಲ್ಲಿ ಕರ್ತೃವಿಗೆ ನಿಜವಾದ ಸಂಕಟ ಎದುರಾಯಿತು. ಹೆಲಿಕಾಪ್ಟರು ಬಂದದ್ದು ದೇಶಕ್ಕೇ ಗೊತ್ತಿರುವ ಸಂಗತಿ; ಒಪ್ಪಿಕೊಳ್ಳಲು ಕಷ್ಟವಿಲ್ಲ. ಆದರೆ ಎಸಳು? ಬಾಹುಬಲಿಯ ನೆತ್ತಿಯ ಮೇಲೆ ಸುರಿದ ಹೂವು ಬೆಟ್ಟದಿಂದಿಳಿದು, ಲಕ್ಷಗಟ್ಟಲೆ ಜನರನ್ನು ಬಿಟ್ಟು, ಒಬ್ಬರ ಶಾಲನ್ನೇ ಹುಡುಕಿಕೊಂಡು ಬರಬೇಕಾದರೆ ಗಾಳಿ ಯಾವ ಕಡೆ ಬೀಸಿರಬೇಕು? ‘ನಂಬುತ್ತೇನೆ’ ಎಂದು ಬರೆದರೆ ಕ್ಷಮಾಪಣೆಯೊಳಗೇ ಒಂದು ಓಳು ಸೇರಿದಂತಾಗುತ್ತದೆ. ‘ನಂಬುವುದಿಲ್ಲ’ ಎಂದರೆ ಕ್ಷಮಾಪಣೆಯೇ ಇಲ್ಲ. ಹುಡುಗ ಬರೆದದ್ದು ಹೀಗೆ:

‘ತಾತ, ನಿಮ್ಮ ಮಾತನ್ನು ನಾನು ಓಳು ಅಂದೆ. ಮಕ್ಕಳ ಎದುರಿಗೆ ಅಂದೆ. ಹೆಲಿಕಾಪ್ಟರ್ ಬಂದಿದ್ದು ನಿಜ. ಎಸಳನ್ನು ನೀವು ಕಂಡಿದ್ದೀರಿ, ನಾನು ಆಗ ಹುಟ್ಟೇ ಇರಲಿಲ್ಲ. ಅಂದದ್ದು ತಪ್ಪು. ಆ ಮಕ್ಕಳ ಎದುರಿಗೇ ಬಂದು ಇದನ್ನು ಹೇಳುತ್ತೇನೆ, ಯಾವತ್ತು ಬರಲಿ?’

ಸಾಷ್ಟಾಂಗವಿಲ್ಲ, ಕ್ಷೇಮವಿಲ್ಲ, ಶಾಪವಿಲ್ಲ, ಒಬ್ಬಟ್ಟೂ ಇಲ್ಲ. ‘ಇದ್ದರೆ’ ಇಲ್ಲ. ‘ಕ್ಷಮಿಸಿ’ ಎಂಬ ಪದವೂ ಇಲ್ಲ. ಕೆಲವರು ಇದನ್ನು ಲೋಪ ಎಂದು ಗಣಿಸಬಹುದು, ಪ್ರಸ್ತುತ ಲೇಖಕ ಗಣಿಸುವುದಿಲ್ಲ. ಅಂದದ್ದು ಯಾವುದು, ಯಾರೆದುರು, ಅದನ್ನು ಎಲ್ಲಿ ಹಿಂದಕ್ಕೆ ತೆಗೆದುಕೊಳ್ಳುವುದು, ಮೂರೂ ಇರುವಾಗ ಕ್ಷಮೆ ಕೊಡುವುದೋ ಬಿಡುವುದೋ ತಾತನಿಗೆ ಬಿಟ್ಟ ವಿಚಾರ. ಎಸಳಿನ ಬಗ್ಗೆ ಅವನು ಬರೆದ ವಾಕ್ಯವಂತೂ ಸಂಶೋಧಕರು ಕಲಿಯಬೇಕಾದ್ದು: ಕಂಡವರನ್ನು ಕಂಡವರೆಂದು ಒಪ್ಪಿ, ತಾನು ಕಾಣದ್ದನ್ನು ತನ್ನ ಮೇಲೆ ಹಾಕಿಕೊಂಡಿದ್ದಾನೆ.

ಎರಡನೇ ಕಾರ್ಡು ಬಂತು: ‘ಪಂಚಮಿಗೆ ಬಾ. ನಮ್ಮನೆ ಹುಡುಗನ್ನೂ ಕರಕೊಂಡು ಬಾರೋ.’ ಏಕವಚನ ಎರಡು ಕಡೆ, ಜೊತೆಗೊಂದು ‘ಓ’ಕಾರ. ಕೇವಲ ಭಾದ್ರಪದ ಶುದ್ಧ ಪಂಚಮಿ ಅನುಕೂಲವೆಂದು ಬರೆದರೋ, ಅಂದು ದಶಲಕ್ಷಣ ಪರ್ವದ ಮೊದಲ ದಿನ, ಉತ್ತಮ ಕ್ಷಮೆಯ ದಿನ ಎಂದು ಬರೆದರೋ ಎಂಬುದರಲ್ಲಿ ಮತಭೇದವಿದೆ. ತಾತನನ್ನು ಕೇಳಿದರೆ ‘ಪಂಚಾಂಗ ನೋಡ್ಕೊಳಿ’ ಅಂದರು. ನನಗೆ ಇನ್ನೂ ಬಹುವಚನವೇ.

ಎಸಳಿನ ಪ್ರಶ್ನೆ ಮಾತ್ರ ಬಾಕಿ ಇದೆ. 1981ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದಲ್ಲಿ ಕೆಳಗೆ ನಿಂತು ಹೂವು ಸುರಿದದ್ದನ್ನು ನೋಡಿದವರು ಯಾರಾದರೂ ಇದ್ದರೆ, ಗಾಳಿ ಯಾವ ಕಡೆಗಿತ್ತು, ತಮ್ಮ ಮೇಲೂ ಎಸಳು ಬಿತ್ತೇ ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ತಿಳಿಸಬೇಕಾಗಿ ಪ್ರಾರ್ಥನೆ. ಓಳು ಬೇಡ.