ಸೆಲೆನಿಯಂ ಬರುತ್ತಾ ಸಾರ್?

ನನ್ನ ಹೆಂಡತಿಯ ತಮ್ಮ ಪೀಣ್ಯದ ಮನುಷ್ಯ. ಮನೆಯಿರುವುದು ರಾಜಾಜಿನಗರದಲ್ಲೇ, ಆದರೆ ಗಂಟಲು ಪೀಣ್ಯದ್ದು. ಯಂತ್ರಗಳ ಸದ್ದಿನ ಮೇಲೆ ಹನ್ನೊಂದು ವರ್ಷ ಕೂಗಿದವನು ಊಟಕ್ಕೆ ಕೂತಾಗಲೂ ಸಾರು ಬೇಕೆಂದರೆ ಮೇಲಿನ ಮನೆಯವರಿಗೆ ಕೇಳಿಸುತ್ತದೆ. ಅವನ ಕಸುಬು ಪಿಎಲ್‌ಸಿ. ಬಾಟಲಿ ತುಂಬುವ ಕಾರ್ಖಾನೆಯಲ್ಲಿ ಬಾಟಲಿ ಬಂದು ನಿಂತಿತೆಂದು ಸೆನ್ಸರ್ ಹೇಳಿದ ಮೇಲೆ ಯಾವ ವಾಲ್ವು ತೆರೆಯಬೇಕು, ಯಾವ ಮೋಟಾರು ಓಡಬೇಕು ಎಂದು ತೀರ್ಮಾನಿಸುವ ಗಟ್ಟಿಮುಟ್ಟಾದ ಪುಟ್ಟ ಕಂಪ್ಯೂಟರು ಅದು. ಪ್ಯಾನಲ್ ಬೋರ್ಡಿನೊಳಗೆ ಧೂಳು, ಸೆಕೆ ಸಹಿಸಿಕೊಂಡು ಕೂತಿರುತ್ತದೆ. ಏಣಿಯ ಮೆಟ್ಟಿಲಿನಂಥ ಗೆರೆಗಳನ್ನು ಹಾಕಿ ಅದಕ್ಕೆ ಬುದ್ಧಿ ಕಲಿಸುವುದು ಇವನ ಕೆಲಸ. ರೆಸ್ಯೂಮಿನ ನೆತ್ತಿಯ ಮೇಲೆ ಇವನು ಬರೆದುಕೊಂಡದ್ದು ‘ಆಟೊಮೇಷನ್ ಎಂಜಿನಿಯರ್’ ಎಂದು. ಎಲ್ಲ ರಗಳೆಯೂ ಆ ಎರಡು ಪದಗಳದ್ದು.

ಬೆಂಗಳೂರಿನಲ್ಲಿ ಈ ಹೆಸರಿನವರು ಎರಡು ಬೇರೆ ಬೇರೆ ಪಂಗಡ. ಪೀಣ್ಯ, ಬೊಮ್ಮಸಂದ್ರದ ಕಡೆ ಕಾರ್ಖಾನೆಯ ಯಂತ್ರಗಳನ್ನು ತಾನಾಗಿ ಓಡುವಂತೆ ಮಾಡುವವನು ಆಟೊಮೇಷನ್ ಎಂಜಿನಿಯರ್. ವೈಟ್‌ಫೀಲ್ಡಿನ ಕಡೆ ಹೋದರೆ, ಸಾಫ್ಟ್‌ವೇರನ್ನು ಕೈಯಿಂದ ಒತ್ತಿ ಒತ್ತಿ ಪರೀಕ್ಷಿಸುವ ಬದಲು ಪ್ರೋಗ್ರಾಮ್ ಬರೆದು ಪರೀಕ್ಷಿಸುವವನು ಆಟೊಮೇಷನ್ ಎಂಜಿನಿಯರ್. ಉದ್ಯೋಗದ ಜಾಲತಾಣದಲ್ಲಿ ಕನ್ಸಲ್ಟೆನ್ಸಿಯವರು ‘ಆಟೊಮೇಷನ್, ಎಂಟರಿಂದ ಹನ್ನೆರಡು ವರ್ಷ, ಬೆಂಗಳೂರು’ ಎಂದು ಬಲೆ ಬೀಸಿದರೆ ಎರಡೂ ಬಗೆಯ ಮೀನು ಒಟ್ಟಿಗೆ ಬೀಳುತ್ತವೆ.

ಮೊದಲ ಸಲ ಫೋನು ಬಂದಾಗ ನಾನು ಅಲ್ಲೇ ಇದ್ದೆ.

“ಸಾರ್, ಸೆಲೆನಿಯಂ ಬರುತ್ತಾ?”

“ಗೊತ್ತಮ್ಮ. ಹಳೇ ರೆಕ್ಟಿಫೈಯರ್‌ನಲ್ಲಿ ಇರ್ತಿತ್ತು. ಸುಟ್ಟರೆ ಕೆಟ್ಟ ನಾತ.”

ಆ ಕಡೆ ಒಂದು ಕ್ಷಣ ಮೌನ. “ಅಂದ್ರೆ ಹ್ಯಾಂಡ್ಸ್-ಆನ್ ಇದೆ ಅಂತ ಹಾಕ್ಕೊಳ್ಲಾ ಸಾರ್?”

“ಕೈಯಲ್ಲಿ ಮುಟ್ಟಿದೀನಿ, ಹಾಕ್ಕೊಳಿ.”

ಸಂಜೆ ಜೆಡಿ, ಅಂದರೆ ಹುದ್ದೆಯ ವಿವರ, ಬಂತು. ಸೆಲೆನಿಯಂ, ಜಾವಾ, ಜೆಂಕಿನ್ಸ್, ಕುಕುಂಬರ್. ನಮ್ಮತ್ತೆ ಕನ್ನಡಕ ಏರಿಸಿಕೊಂಡು ಓದಿ, “ಕುಕುಂಬರ್ ಅಂದ್ರೆ ಸೌತೆಕಾಯಿ ಅಲ್ವೇನೋ? ಕೋಸಂಬರಿ ಮಾಡೋಕೂ ಎಂಜಿನಿಯರ್ ಬೇಕಾ?” ಎಂದರು. ಅವೆಲ್ಲ ಸಾಫ್ಟ್‌ವೇರ್ ಸಾಧನಗಳ ಹೆಸರು ಎಂದು ನಾನು ವಿವರಿಸಿದೆ. ಸೆಲೆನಿಯಂ ಎಂಬ ಹೆಸರು ಬಂದದ್ದೇ ಒಂದು ಕುಚೋದ್ಯದಿಂದ. ಆ ಕ್ಷೇತ್ರದಲ್ಲಿ ಆಗ ಮೆರೆಯುತ್ತಿದ್ದ ಕಂಪನಿಯ ಹೆಸರು ಮರ್ಕ್ಯುರಿ, ಅಂದರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂಬ ಮಾತನ್ನು ಹಿಡಿದು ಹೊಸ ಸಾಧನಕ್ಕೆ ಆ ಹೆಸರಿಟ್ಟರು.

ಬೇರೆ ಯಾರಾದರೂ ಆಗಿದ್ದರೆ ಆ ಮೇಲ್ ಅಳಿಸಿ ಮಲಗುತ್ತಿದ್ದರು. ಇವನಿಗೆ ಆಗುವುದಿಲ್ಲ. ಪಕ್ಕದ ಮನೆಯ ಕಾಗದ ತನ್ನ ಗೇಟಿನೊಳಗೆ ಬಿದ್ದರೆ ಅದನ್ನು ಕೊಟ್ಟು ಬರುವುದಷ್ಟೇ ಅಲ್ಲ, ವಿಳಾಸದಲ್ಲಿ ಅಡ್ಡರಸ್ತೆಯ ಸಂಖ್ಯೆ ಹೇಗೆ ತಪ್ಪಾಗಿದೆ ಎಂದು ಅಂಚೆಯವನನ್ನು ನಿಲ್ಲಿಸಿ ತಿಳಿಹೇಳುವ ಗಿರಾಕಿ. ಅಂಥವನು ಜೆಡಿ ತಪ್ಪಿದೆಯೆಂದು ಬರೆಯದೆ ಇದ್ದಾನೆಯೆ? ಎರಡು ಪುಟ ಬರೆದ. ರಿಲೇ ಎಂದರೇನು, ರಿಲೇಗಳ ಜಾಗಕ್ಕೆ ಪಿಎಲ್‌ಸಿ ಬಂದದ್ದು ಹೇಗೆ, ತನ್ನಂಥವರಿಗೂ ಟೆಸ್ಟಿಂಗ್‌ನವರಿಗೂ ಇರುವ ವ್ಯತ್ಯಾಸವೇನು, ಎಲ್ಲ. ಕೊನೆಯಲ್ಲಿ, “ಸೂಕ್ತವಾದ ಬೇರೆ ಯಾವುದಾದರೂ ಹುದ್ದೆ ಇದ್ದಲ್ಲಿ ತಿಳಿಸಬೇಕಾಗಿ ವಿನಂತಿ.”

ಉತ್ತರ ಬರಲಿಲ್ಲ. ಇಂಥವೇ ಇನ್ನೂ ಆರು ಕಾಗದ ಬರೆದ. ಯಾವುದಕ್ಕೂ ಇಲ್ಲ.

ನಾನು ಕನ್ಸಲ್ಟೆನ್ಸಿಯ ಆ ಹುಡುಗಿಯ ಪಕ್ಷ. ಕನ್ಸಲ್ಟೆನ್ಸಿಗೆ ದುಡ್ಡು ಹುಟ್ಟುವುದು ಅವರು ಕಳಿಸಿದವನು ಕೆಲಸಕ್ಕೆ ಸೇರಿದ ಮೇಲೆ. ವರ್ಷದ ಸಂಬಳದ ಶೇ 8.33, ಅಂದರೆ ಹೆಚ್ಚುಕಮ್ಮಿ ಒಂದು ತಿಂಗಳ ಸಂಬಳ, ಎಂಬುದು ಈ ವ್ಯಾಪಾರದಲ್ಲಿ ಬಹಳ ಕಡೆ ಓಡುವ ಲೆಕ್ಕ. ಆ ದಿನ ಅವಳ ಮೇಜಿನ ಮೇಲೆ ಇರುವುದೆಲ್ಲ ಸೆಲೆನಿಯಂ ಹುದ್ದೆ. ರಿಲೇ ಪುರಾಣ ಓದುವಷ್ಟು ಪುರುಸೊತ್ತು ಎಲ್ಲಿ?

ಮರ್ಮ ಹಿಡಿದವಳು ನನ್ನ ಹೆಂಡತಿ. ಅವಳು ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು.

“ಲೋ, ನನ್ನ ಕೌಂಟರಿಗೆ ಬಂದು ‘ಏನಾದ್ರೂ ಮಾಡಿಕೊಡಿ’ ಅಂದ್ರೆ ನಾನೇನು ಮಾಡ್ಲಿ? ‘ಲಾಕರ್ ನೋಡೋರು ಯಾರು’ ಅಂತ ಕೇಳಿದ್ರೆ ಬೆರಳು ತೋರಿಸ್ತೀನಿ. ಆ ಹುಡುಗೀಗೂ ಬೆರಳು ತೋರಿಸೋ ಅಷ್ಟೇ ಕೆಲಸ ಕೊಡು.”

ಮುಂದಿನ ತಪ್ಪು ಜೆಡಿಗೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆದ. ಇಂಗ್ಲಿಷಿನಲ್ಲಿದ್ದ ಅದರ ಕನ್ನಡ ಇಷ್ಟು:

“ನಮಸ್ಕಾರ. ನೀವು ಕಳಿಸಿದ ಹುದ್ದೆಗೆ ಸೆಲೆನಿಯಂ ಮತ್ತು ಜಾವಾ ಬೇಕು, ನನಗೆ ಎರಡೂ ಬರುವುದಿಲ್ಲ. ನನ್ನದು ಕಾರ್ಖಾನೆಯ ಆಟೊಮೇಷನ್: ಪಿಎಲ್‌ಸಿ, ಸ್ಕಾಡಾ, ಹನ್ನೊಂದು ವರ್ಷ, ಹೆಚ್ಚಾಗಿ ಬಾಟಲಿ ತುಂಬುವ ಲೈನುಗಳು. ನಿಮ್ಮ ಕಚೇರಿಯಲ್ಲಿ ಉತ್ಪಾದನಾ ಕಂಪನಿಗಳ ಹುದ್ದೆಗಳನ್ನು ನೋಡುವವರಿದ್ದರೆ ಈ ಮೇಲನ್ನು ಅವರಿಗೆ ಕಳಿಸಬಹುದೇ? ಕಮಿಷನಿಂಗ್ ಅಥವಾ ಮೇಂಟೆನೆನ್ಸ್ ಹುದ್ದೆ ಆಗಬಹುದು, ಬೆಂಗಳೂರು ಅಥವಾ ಹೊಸೂರು, ನೋಟಿಸ್ ಪೀರಿಯಡ್ 60 ದಿನ. ನನ್ನನ್ನು ಕೇಳದೆ ರೆಸ್ಯೂಮನ್ನು ಯಾವ ಕಂಪನಿಗೂ ಕಳಿಸಬೇಡಿ.”

“ಥ್ಯಾಂಕ್ಸ್ ಎಲ್ಲಿ?” ಎಂದು ಅವನು ಹಟ ಹಿಡಿದ. ಸೇರಿಸಿದರು.

ಕೇಳದೆ ಕಳಿಸಬೇಡಿ ಎಂಬ ವಾಕ್ಯ ಒರಟಾಯಿತೆಂದು ನನಗನಿಸಿತ್ತು. ಆದರೆ ಅದು ಏಟು ತಿಂದು ಕಲಿತದ್ದು. ಹಿಂದೊಮ್ಮೆ ಎರಡು ಕನ್ಸಲ್ಟೆನ್ಸಿಗಳು ಇವನ ರೆಸ್ಯೂಮನ್ನು ಒಂದೇ ಕಂಪನಿಗೆ ಕಳಿಸಿ, ಕಮಿಷನ್ ಯಾರಿಗೆ ಸಲ್ಲಬೇಕೆಂಬ ಜಗಳ ಹತ್ತಿ, ಆ ತಂಟೆಯೇ ಬೇಡವೆಂದು ಕಂಪನಿಯವರು ಇವನನ್ನೇ ಪಟ್ಟಿಯಿಂದ ತೆಗೆದಿದ್ದರು.

ನಲವತ್ತು ನಿಮಿಷಕ್ಕೆ ಉತ್ತರ ಬಂತು. “ನೋಟೆಡ್ ಸಾರ್. ನಮ್ಮಲ್ಲಿ ಕೋರ್ ಎಂಜಿನಿಯರಿಂಗ್ ನೋಡುವವರಿಗೆ ಫಾರ್ವರ್ಡ್ ಮಾಡಿದ್ದೇನೆ.” ನಮ್ಮವನು ಅದನ್ನು ಪ್ರಿಂಟ್ ತೆಗೆಸಿ ಫೈಲಿಗೆ ಹಾಕಿದ. ಜಾಲತಾಣದಲ್ಲೂ ತನ್ನ ಹೆಸರಿನ ಕೆಳಗೆ ‘ಪಿಎಲ್‌ಸಿ, ಸ್ಕಾಡಾ’ ಎಂದು ಮೊದಲು, ‘ಆಟೊಮೇಷನ್’ ಎಂದು ಆಮೇಲೆ ಬರುವಂತೆ ತಿದ್ದಿದ. ತಪ್ಪು ಕರೆಗಳು ಕಡಿಮೆಯಾದವು, ಪೂರ್ತಿ ನಿಲ್ಲಲಿಲ್ಲ. ಒಬ್ಬ ಹುಡುಗನಂತೂ, “ಸಾರ್, ರೆಸ್ಯೂಮಲ್ಲಿ ಸೆಲೆನಿಯಂ ಅಂತ ಎರಡು ಲೈನ್ ಸೇರಿಸಿಬಿಡೋಣ, ಆಮೇಲೆ ನೋಡ್ಕೊಳೋಣ” ಎಂದ.

“ಇಂಟರ್‌ವ್ಯೂನಲ್ಲಿ ಲ್ಯಾಪ್‌ಟಾಪ್ ಕೊಟ್ಟು ಬರೀರಿ ಅಂತಾರಲ್ಲಪ್ಪ, ಆಗ ನೀನು ಬಂದು ಬರೀತೀಯಾ?” ಇವನು ಪೀಣ್ಯದ ದನಿಯಲ್ಲಿ ಕೇಳಿದ್ದಕ್ಕೆ ಫೋನು ತಾನಾಗಿ ಕಟ್ಟಾಯಿತು.

ಫಾರ್ವರ್ಡ್ ಆದ ಆ ಮೇಲ್‌ನಿಂದಲೇ ಕೆಲಸ ಸಿಕ್ಕಿತು, ಬಿಡದಿ ಕಡೆ. ಮೂರನೆಯ ತಿಂಗಳಲ್ಲಿ ಇವನಿಗೊಬ್ಬ ಕಿರಿಯ ಬೇಕಾಯಿತು. ಎಚ್‌ಆರ್‌ನವರು ಜಾಹೀರಾತು ಹಾಕಿದರು: ‘ಆಟೊಮೇಷನ್ ಎಂಜಿನಿಯರ್ ಬೇಕಾಗಿದ್ದಾರೆ.’ ಇವನನ್ನು ಒಂದು ಮಾತು ಕೇಳಿರಲಿಲ್ಲ.

ಮೊದಲು ಬಂದವನು ವೈಟ್‌ಫೀಲ್ಡಿನ ಹುಡುಗ, ನಾಲ್ಕು ವರ್ಷದ ಅನುಭವ. ರೆಸ್ಯೂಮ್ ತುಂಬ ಸೆಲೆನಿಯಂ, ಕುಕುಂಬರ್. ಕಿಟಕಿಯಾಚೆ ಸದ್ದು ಮಾಡುತ್ತ ಸಾಲಾಗಿ ಹೋಗುತ್ತಿದ್ದ ಬಾಟಲಿಗಳನ್ನು ಕಂಡು ಅವನಿಗೇ ಅನುಮಾನ ಹುಟ್ಟಿತು.

“ಸರ್, ಜೆಡಿಗೂ ನನ್ನ ರೆಸ್ಯೂಮಿಗೂ ಮ್ಯಾಚ್ ಆಗ್ತಿಲ್ಲ ಅನ್ಸುತ್ತೆ. ಬೇರೆ ಯಾವುದಾದ್ರೂ ರೋಲ್ ಇದೆಯಾ?”

“ಹಾಗೆ ಕೇಳಬಾರದು ಮರಿ,” ಎಂದು ನಮ್ಮವನು ಕುರ್ಚಿ ಎಳೆದು ಕೂರಿಸಿ, ಕಾಫಿ ತರಿಸಿ, ಫೈಲಿನಿಂದ ಆ ಪ್ರಿಂಟ್ ಹೊರಗೆ ತೆಗೆದನಂತೆ.