ವಧುಮುಖ ವಿಮರ್ಶೆ: ವೇದಿಕೆಯ ಮೆಟ್ಟಿಲಿನಿಂದ ಒಂದು ಶಾಸ್ತ್ರೀಯ ಅಧ್ಯಯನ

ಮದುಮಗಳ ರೂಪ ಕುರಿತು ನೆಂಟರಾಡುವ ಮಾತು ನಮ್ಮ ಸಮೃದ್ಧ ಮೌಖಿಕ ಪರಂಪರೆಗಳಲ್ಲೊಂದು. ಆದರೂ ವಿದ್ವಾಂಸರು ಅದನ್ನು ಊಟದ ಪಂಕ್ತಿಯಲ್ಲೇ ಬಿಟ್ಟು ಕೈತೊಳೆದುಕೊಂಡಿದ್ದಾರೆ. ಪ್ರಸ್ತುತ ಸಂಶೋಧಕನಿಗೆ ಪದವಿಯಿಲ್ಲ. ಇರುವುದು ಒಂದು ಕ್ಯಾಮೆರಾ, ಎರಡು ಫ್ಲ್ಯಾಶು, ಮಂಡ್ಯ ಸೀಮೆಯ ಕಲ್ಯಾಣ ಮಂಟಪಗಳಲ್ಲಿ ಇಪ್ಪತ್ತು ವರ್ಷ ನಿಂತು ಸವೆಸಿದ ಮಂಡಿ. ಫೋಟೋದವನ ಮುಂದೆ ಯಾರೂ ದನಿ ತಗ್ಗಿಸುವುದಿಲ್ಲ. ಅವನನ್ನು ಚಪ್ಪರದ ಕಂಬಗಳ ಜೊತೆ ಎಣಿಸಿರುತ್ತಾರೆ. ಕ್ಷೇತ್ರಕಾರ್ಯಕ್ಕೆ ಇದಕ್ಕಿಂತ ಅನುಕೂಲ ಬೇಕೆ?

ಮೊದಲು ಭಾಷಾವಿಚಾರ. ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಅವ್ಯಯಗಳಿಗೆಂದು ಒಂದು ಪ್ರಕರಣವನ್ನಿಟ್ಟ. ಆದರೆ ಆತನ ಕಾಲಕ್ಕೆ ಆರತಕ್ಷತೆಯ ಸಾಲು ಇರಲಿಲ್ಲವಾಗಿ ‘ಆದ್ರೂ’ ಎಂಬುದರ ಪೂರ್ಣ ಬಲ ಆತನಿಗೆ ಗೋಚರವಾಗಲಿಲ್ಲ. ‘ಆದ್ರೂ ಲಕ್ಷಣವಾಗಿದಾಳೆ’ ಎಂಬಲ್ಲಿ ಮುಂದಿನ ಪದ ಹೊಗಳಿಕೆ, ಹಿಂದಿನ ಪದ ಲೋಪ. ಲೋಪವಾದದ್ದು ‘ಕಪ್ಪು’ ಎಂದು ಮೂರು ವರ್ಷದ ಮಗುವಿಗೂ ಗೊತ್ತು. ‘ಎಣ್ಣೆಗೆಂಪು’ ಎಂದರೆ ಮಾತನಾಡುವವರು ಹೆಣ್ಣಿನ ಕಡೆಯವರು. ಅದೇ ಮುಖವನ್ನು ‘ಸಾಧಾರಣ’ ಎಂದರೆ ಗಂಡಿನ ಕಡೆಯವರು. ‘ಮುಖದಲ್ಲಿ ಕಳೆ ಇದೆ’ ಎಂಬುದು ಮೂಗಿನ ಬಗ್ಗೆ. ‘ಗುಣ ಚೆನ್ನಾಗಿದೆಯಂತೆ’ ಎಂಬುದು ಕೊನೆಯ ತೀರ್ಪು, ಅದರ ಮೇಲೆ ಅಪೀಲಿಲ್ಲ.

ವಿಮರ್ಶೆಯ ಕಾಲ ಅತ್ಯಲ್ಪ. ನೆಂಟರು ಮುಯ್ಯಿಯ ಕವರು ಹಿಡಿದು ವೇದಿಕೆ ಹತ್ತಿ, ಮದುಮಕ್ಕಳ ಪಕ್ಕ ನಿಂತು, ಕ್ಯಾಮೆರಾದತ್ತ ತಿರುಗುವ ಮೊದಲು ಎರಡು ಮೂರು ಸೆಕೆಂಡು ಸಿಗುತ್ತದೆ. ಕಣ್ಣು ಮೊದಲು ಹೆಣ್ಣಿನ ಕೆನ್ನೆಗೆ, ಅಲ್ಲಿಂದ ಕತ್ತಿಗೆ, ಅಲ್ಲಿಂದ ಬಳೆಯ ಕೆಳಗಿನ ಕೈಗೆ ಹೋಗುತ್ತದೆ. ಮೇಕಪ್ಪು ಎಲ್ಲಿ ಮುಗಿದು ಹುಡುಗಿ ಎಲ್ಲಿ ಶುರುವಾಗುತ್ತಾಳೆ ಎಂಬ ಗಡಿ ಸಮೀಕ್ಷೆಯಿದು. ಆಮೇಲೆ ನಗು. ಆಲ್ಬಮ್ಮಿಗೆ ಹೋಗುವುದು ನಗು ಮಾತ್ರ. ಬೆರಳು ಬೇಗ ಒತ್ತುವ ಕೆಟ್ಟ ಚಾಳಿಯಿಂದಾಗಿ ಸಂಶೋಧಕನ ಹಾರ್ಡ್ ಡಿಸ್ಕಿನಲ್ಲಿ ಉಳಿದಿರುವುದು ಸಮೀಕ್ಷೆ.

ಇಲ್ಲೊಂದು ಪ್ರಕರಣ. ಹೋದ ಮಾಘದ ಮದುವೆ. ಹುಡುಗಿ ಅಪ್ಪನ ಬಣ್ಣ: ರಾಗಿ ಹೊಲದಲ್ಲಿ ದುಡಿದ ಕಪ್ಪು, ಮಿರುಗುವ ಕಪ್ಪು. ಮೇಕಪ್ಪಿನವಳು ಅವಳಿಗೆ ಎರಡು ಶೇಡು ತಿಳಿಯಾದ ಫೌಂಡೇಶನ್ ಬಳಿದು, ಮೇಲೆ ಬಿಳಿ ಪೌಡರ್ ಒತ್ತಿದ್ದಳು. ಕಣ್ಣಿಗೆ ಅಷ್ಟೇನೂ ಕಾಣದು. ಆದರೆ ಆ ಪೌಡರಿನ ಸಿಲಿಕಾ ನೇರ ಫ್ಲ್ಯಾಶನ್ನು ತಿರುಗಿಸಿ ಎಸೆಯುತ್ತದೆ. ಫೋಟೋದಲ್ಲಿ ಹಿಟ್ಟು ಎರಚಿದ ಮುಖ, ಅದರ ಕೆಳಗೆ ಬೇರೆ ಯಾರದೋ ಕತ್ತು. ಸಂಶೋಧಕ ಫ್ಲ್ಯಾಶನ್ನು ಚಾವಣಿಗೆ ತಿರುಗಿಸಿದ. ಹಿಟ್ಟು ಇಳಿಯಿತು, ಮುಖ ಕತ್ತಲಾಯಿತು. ಕಾರಣ ಹಿಂದಿನ ಬಿಳಿ ಸೇವಂತಿಗೆ ಗೋಡೆ, ಪಕ್ಕದ ಗಂಡಿನ ಬಿಳಿ ಪಂಚೆ ಶಲ್ಯ. ಎದುರಿಗೆ ಇಷ್ಟೊಂದು ಬಿಳುಪು ಕಂಡರೆ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ಭ್ರಮಿಸಿ ಇಡೀ ಚಿತ್ರವನ್ನೇ ಮಬ್ಬು ಮಾಡುತ್ತದೆ. ಅದೂ ಗಂಡಿನ ಕಡೆಯ ಪೈಕಿ. ಒಂದು ಸ್ಟಾಪು ಏರಿಸಿದೆ. ಹುಡುಗಿಯ ಮುಖ ಮುಖವಾಯಿತು. ಗಂಡಿನ ಶಲ್ಯದ ಮಡಿಕೆ ಸುಣ್ಣವಾಯಿತು. ಇಪ್ಪತ್ತು ವರ್ಷದಲ್ಲಿ ಶಲ್ಯಕ್ಕಾಗಿ ಎಷ್ಟು ಮುಖ ಕಳೆದಿದ್ದೇನೋ, ಲೆಕ್ಕ ಇಟ್ಟಿಲ್ಲ.

ಗಂಡಿನ ಸೋದರತ್ತೆ ಅಷ್ಟರಲ್ಲಿ ಹತ್ತಿರ ಬಂದು, “ರೀ ಫೋಟೋದವ್ರೇ, ಹುಡುಗೀನ ಕಂಪ್ಯೂಟರ್‌ನಲ್ಲಿ ಒಂಚೂರು ಬೆಳ್ಳಗ್ ಮಾಡ್ಬಿಡಿ. ಆಲ್ಬಮ್ಮು ನಾಳೆ ನಾಲ್ಕು ಜನ ನೋಡೋದು” ಎಂದರು. ಎರಡು ಮೆಟ್ಟಿಲು ಇಳಿದವರು ಮತ್ತೆ ಹತ್ತಿ, “ಹಂಗೇ ನಂದೂ” ಎಂದರು.

ಮಾಡಿದೆ. ಹೊಟ್ಟೆಪಾಡು. ಮುಖವನ್ನಷ್ಟೇ ಆರಿಸಿ ಬಿಳುಪು ಏರಿಸುವುದು ಎರಡು ನಿಮಿಷದ ಕೆಲಸ. ಆಮೇಲೆ ಕತ್ತು, ಕಿವಿಯ ಹಿಂಭಾಗ, ಮೆಹೆಂದಿಯ ನಡುವೆ ಇಣುಕುವ ಬೆರಳು ಎಂದು ಅರ್ಧ ರಾತ್ರಿ.

ತಿಂಗಳ ನಂತರ ಫೋಟೋ ಆರಿಸಲು ಹುಡುಗಿಯೇ ಬಂದಳು. ಧಾರೆಯ ಚಿತ್ರದ ಮುಂದೆ ನಿಂತಳು. ಅಪ್ಪನ ಕೈಯ ಕೆಳಗೆ ಅವಳ ಕೈ, ಮೇಲೆ ತೆಂಗಿನಕಾಯಿ, ಸುರಿಯುತ್ತಿರುವ ಹಾಲು. ತುಂಬ ಹೊತ್ತು ನೋಡಿದಳು.

“ಅಣ್ಣಾ, ನಮ್ಮಪ್ಪ ಇದ್ಯಾರ್ ಮಗಳನ್ನ ಧಾರೆ ಎರೀತಿದಾರೆ?”

ಸಂಶೋಧಕ ಮೂಲ ಚಿತ್ರ ತೆರೆದ. ಹಾಲಿನಡಿಯ ಎರಡೂ ಕೈ ಒಂದೇ ಬಣ್ಣ. “ಇದ್ನೇ ಹಾಕಿ” ಎಂದಳು. ಆಮೇಲೆ ಪಟ್ಟಿಯಲ್ಲಿ ಕೆಳಗೆ ಹೋಗಿ, ಸೋದರತ್ತೆ ತನ್ನ ಕತ್ತು ಅಳೆಯುತ್ತಿದ್ದ ಆ ಸಮೀಕ್ಷೆಯ ಚಿತ್ರ ಕಂಡು ಕಿಸಕ್ಕನೆ ನಕ್ಕಳು.

“ಇದೂ ಇರ್ಲಿ. ಪೂರ್ತಿ ಪುಟಕ್ಕೆ. ಅತ್ತೇನ ಮಾತ್ರ ಬೆಳ್ಳಗೆ ಮಾಡಿ, ಪಾಪ ಕೇಳಿದ್ರಲ್ಲ.”